ಬರಿಗಾಲಿನ ಚಿತ್ರ ಬೇಡ, ಲೆಕ್ಕ ಬೇಕು

ಊರಿನ ಸರ್ಕಾರಿ ಶಾಲೆಯೊಂದಕ್ಕೆ ಗ್ರಂಥಾಲಯ ಕಟ್ಟಿಕೊಡುವ ಮನವಿಯ ಕರಡು ಫಾಲೋಫೀಲ್ಡಿನ ನಮ್ಮ ಸಭೆಯ ಮುಂದೆ ಬಂದಿತ್ತು. ಮೇಲೆ ಬರಿಗಾಲಿನ ಹುಡುಗಿಯ ಚಿತ್ರ. ಕೆಳಗೆ ಹಣ ಕೊಡಿ, ಹಳೆಯ ಪುಸ್ತಕ ಕಳುಹಿಸಿ, ಹತ್ತು ಜನರಿಗೆ ತಿಳಿಸಿ ಎಂಬ ಮೂರು ಬೇಡಿಕೆಗಳು. ಎಷ್ಟು ಹಣ ಬೇಕೆಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಇಂತಹ ಮನವಿಯನ್ನು ನಾವು ವಿರೋಧಿಸುತ್ತೇವೆ.

ಮನ ಕಲಕುವ ಸಂಗತಿ ಬೇಡವೆಂದಲ್ಲ, ಅದು ನಿಜವಾಗಿರಬೇಕು. ನಮ್ಮಲ್ಲಿ ಹಲವರು ಓದಿದ ಶಾಲೆಗಳಲ್ಲಿ ಪುಸ್ತಕಗಳಿದ್ದವು, ಬೀಗ ಹಾಕಿದ ಬೀರುವಿನಲ್ಲಿ. ಕಳೆದುಹೋದರೆ ತಮ್ಮ ಸಂಬಳದಿಂದಲೇ ಭರಿಸಬೇಕಾದೀತೆಂದು ಮೇಷ್ಟ್ರು ಅವನ್ನು ಹೊರಗೆ ತೆಗೆಯುತ್ತಿರಲಿಲ್ಲ. ಕಣ್ಣೀರು ತರಿಸುವ ಚಿತ್ರಕ್ಕಿಂತ ಆ ಬೀಗವೇ ನಮಗೆ ಹೆಚ್ಚು ನೋವಿನದು. ಅದಕ್ಕೆ ಪರಿಹಾರವನ್ನೂ ಲೆಕ್ಕದಲ್ಲಿಯೇ ತೋರಿಸಬಹುದು.

ನಾವು ಒಪ್ಪಿದ ಅಂದಾಜು ಇದು. ಸರಾಸರಿ 100 ರೂಪಾಯಿಯ 300 ಪುಸ್ತಕಗಳಿಗೆ 30,000, ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳಿಗೆ 16,000, ರಟ್ಟು, ಚೀಟಿ, ದಾಖಲೆ ಪುಸ್ತಕಗಳಿಗೆ 3,000, ಸಾಗಣೆಗೆ 3,000. ಉಳಿದ 8,000 ಕಳೆದ ಮತ್ತು ಹರಿದ ಪುಸ್ತಕಗಳ ಬದಲಿಗೆ. ‘ನಷ್ಟಕ್ಕೂ ಹಣ ಎತ್ತುವುದೇ?’ ಎಂದು ಹಿರಿಯರೊಬ್ಬರು ಹುಬ್ಬೇರಿಸಿದರು. ಹೌದು, ಬೀಗ ತೆಗೆಸುವ ಹಣ ಅದೇ.

ಒಟ್ಟು 60,000 ರೂಪಾಯಿ. ಪೌಂಡಿಗೆ 120 ರೂಪಾಯಿಯೆಂದು ಹಿಡಿದರೆ 500 ಪೌಂಡ್. ಇಲ್ಲಿ ತೆರಿಗೆ ಕಟ್ಟುವವರು ಬ್ರಿಟನ್ನಿನ ದತ್ತಿಸಂಸ್ಥೆಗೆ 10 ಪೌಂಡ್ ಕೊಟ್ಟು ಗಿಫ್ಟ್ ಏಡ್ ಘೋಷಣೆ ಮಾಡಿದರೆ, ಸಂಸ್ಥೆ ಸರ್ಕಾರದಿಂದ ಇನ್ನೂ 2.50 ಪಡೆಯಬಹುದು. ಹಾಗಾದರೆ 40 ಜನ ಸಾಕೆಂದು ಕರಡು ಹೇಳುತ್ತಿತ್ತು. ಆದರೆ ಫಾಲೋಫೀಲ್ಡ್ ವಿದ್ಯಾರ್ಥಿಗಳ ಬಡಾವಣೆ. ಅವರಲ್ಲಿ ಅನೇಕರು ತೆರಿಗೆಯ ಮಿತಿಯೊಳಗೇ ಇದ್ದಾರೆ. ಅಂತಹವರು ಗುರುತು ಹಾಕಿದರೆ ಆ ವ್ಯತ್ಯಾಸವನ್ನು ಅವರೇ ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. ಹತ್ತು ವಿದ್ಯಾರ್ಥಿಗಳು ಸೇರುವರೆಂದಿಟ್ಟುಕೊಂಡರೆ ಬೇಕಾದವರು 42 ಜನ. ಹಣ ರವಾನೆಯ ಶುಲ್ಕವನ್ನು ಸಮಿತಿಯವರು ಭರಿಸುತ್ತೇವೆ.

ಇನ್ನೊಂದು ಮಾತನ್ನು ಕರಡು ಮರೆತಿತ್ತು. ಭಾರತದ ಸಂಸ್ಥೆಯೊಂದು ಬ್ರಿಟಿಷ್ ಪೌರರ ಅಥವಾ ಇಲ್ಲಿನ ಸಂಸ್ಥೆಗಳ ಹಣ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಪಡೆದವರು ಆ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಪುಸ್ತಕ ಕೊಳ್ಳುವ ಸಂಸ್ಥೆಯೇ ಹಣ ಪಡೆಯಬೇಕು. ಅದರ ಹೆಸರು, ನೋಂದಣಿ ಸಂಖ್ಯೆ ಮನವಿಯಲ್ಲಿರಬೇಕು. ಅವಿಲ್ಲದೆ ಒಂದು ಪೌಂಡನ್ನೂ ಸಂಗ್ರಹಿಸಬಾರದೆಂಬುದು ನಮ್ಮ ಹಠ.

ಹಳೆಯ ಪುಸ್ತಕಗಳ ಪೆಟ್ಟಿಗೆ ಬೇಡ. ಸಾಗಿಸುವ ವೆಚ್ಚದಲ್ಲಿ ಅಲ್ಲಿಯೇ ಹೊಸ ಕನ್ನಡ ಪುಸ್ತಕಗಳು ಸಿಗುತ್ತವೆ. ಬೇಡಿಕೆ ಒಂದೇ ಇರಲಿ: ತಲೆಗೆ ಹತ್ತು ಪೌಂಡ್, ಒಮ್ಮೆ ಮಾತ್ರ. ನಲವತ್ತೆರಡನೆಯವರು ಕೊಟ್ಟ ದಿನ ಸಂಗ್ರಹವನ್ನು ಮುಚ್ಚಿ, ಕೊಂಡ ಪುಸ್ತಕಗಳ ರಸೀದಿಗಳನ್ನು ಇದೇ ಪುಟದಲ್ಲಿ ಪ್ರಕಟಿಸೋಣ.