ಸೊನ್ನೆ ಕಂಡರೆ ಸಾಲದು: ಅಪವರ್ತನ, ಮೂಲ ಮತ್ತು ಸ್ಪ್ರೆಡ್‌ಶೀಟ್

ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠ ಯೋಜನೆಗಳಲ್ಲಿ ‘ಉತ್ತರವನ್ನು ಜಿಯೋಜಿಬ್ರಾದಲ್ಲಿ ಪರಿಶೀಲಿಸುವುದು’ ಎಂಬ ಸಾಲನ್ನು ನಾವೆಲ್ಲ ಬರೆಯುತ್ತೇವೆ. ಆದರೆ ಅಪವರ್ತನವನ್ನು ಪರಿಶೀಲಿಸುವುದು ಬೇರೆ, ಮೂಲವನ್ನು ಪರಿಶೀಲಿಸುವುದು ಬೇರೆ. ಮೊದಲನೆಯದರಲ್ಲಿ ಕೋಷ್ಟಕ ಪೂರ್ತಿ ಸಾಧನೆಯನ್ನೇ ಕೊಡಬಲ್ಲದು. ಎರಡನೆಯದರಲ್ಲಿ ಅದು ಬಹುತೇಕ ಅಂದಾಜನ್ನಷ್ಟೇ ಕೊಡುತ್ತದೆ. ಇವೆರಡನ್ನೂ ಬೆರೆಸಿ ಕಲಿಸಬಾರದು ಎಂಬುದು ಕುಂತೂರಿನ ಅಭ್ಯಾಸ ಬೋಧನೆಯ ನಂತರ ನನಗೆ ಗಟ್ಟಿಯಾದ ಅಭಿಪ್ರಾಯ.

12x² − 41x + 35 ಎಂಬ ಬಹುಪದೋಕ್ತಿಯನ್ನು ತೆಗೆದುಕೊಳ್ಳೋಣ. ಮಧ್ಯಪದವನ್ನು −20x ಮತ್ತು −21x ಎಂದು ಒಡೆದರೆ (3x − 5)(4x − 7) ಬರುತ್ತದೆ. ಸ್ಪ್ರೆಡ್‌ಶೀಟಿನ A ಕಂಬಸಾಲಿನಲ್ಲಿ x ಬೆಲೆಗಳನ್ನು ಬರೆದು, ಪಕ್ಕದ ಮೂರು ಕಂಬಸಾಲುಗಳಲ್ಲಿ ಹೀಗೆ ಸೂತ್ರ ಹಾಕಬಹುದು:

```
=12*A2^2-41*A2+35
=(3*A2-5)*(4*A2-7)
=B2-C2
```

x ಬೆಲೆ 0, 1, 2 ಆದಾಗ ಎರಡೂ ಕಡೆ 35, 6, 1 ಬರುತ್ತದೆ. ವ್ಯತ್ಯಾಸದ ಕಂಬಸಾಲು ಪೂರ್ತಿ ಸೊನ್ನೆ. ಎರಡನೇ ಘಾತದ ಎರಡು ಬಹುಪದೋಕ್ತಿಗಳು ಮೂರು ಬೇರೆ ಬೇರೆ ಬೆಲೆಗಳಲ್ಲಿ ಸಮವಾದರೆ ಅವು ಒಂದೇ. ಏಕೆಂದರೆ ಅವುಗಳ ವ್ಯತ್ಯಾಸದ ಘಾತ ಎರಡನ್ನು ಮೀರದು, ಅಂಥದ್ದಕ್ಕೆ ಮೂರು ಶೂನ್ಯತೆಗಳು ಇರಲಾರವು. ಪೂರ್ಣಾಂಕಗಳನ್ನೇ ಬಳಸಿದ್ದರಿಂದ ದಶಮಾಂಶದ ತಂಟೆಯೂ ಇಲ್ಲ. ಮೂರಕ್ಕಿಂತ ಕಡಿಮೆ ಮಾಡಿದರೆ ಮಾತ್ರ ಮೋಸ ಹೋಗುತ್ತೇವೆ: ತಪ್ಪು ಅಪವರ್ತನವಾದ (3x − 7)(4x − 5) ಕೂಡ x = 0 ಆದಾಗ 35 ಕೊಡುತ್ತದೆ. x = 1 ಹಾಕಿದಾಗ 6ರ ಬದಲು 4 ಬಂದು ಸಿಕ್ಕಿಬೀಳುತ್ತದೆ.

ಇದೇ ಸಮೀಕರಣದ ಮೂಲಗಳನ್ನು ಕೋಷ್ಟಕದಲ್ಲಿ ಹುಡುಕಲು ಹೊರಟರೆ ಕಥೆ ಬದಲಾಗುತ್ತದೆ. x ಬೆಲೆಯನ್ನು 0.5ರಂತೆ ಏರಿಸಿದರೆ 1, 1.5, 2ರಲ್ಲಿ ಕಾಣುವುದು 6, 0.5, 1. ಚಿಹ್ನೆ ಎಲ್ಲೂ ಬದಲಾಗದ ಕಾರಣ ‘ಮೂಲವೇ ಇಲ್ಲ’ ಎನ್ನುವುದು ಸಹಜ. 0.1ರಂತೆ ಏರಿಸಿದರೆ 1.6, 1.7, 1.8ರಲ್ಲಿ ನಿಜವಾದ ಬೆಲೆಗಳು 0.12, −0.02, 0.08. ಸೂತ್ರವನ್ನು ROUND ಒಳಗೆ ಹಾಕಿ ಒಂದೇ ದಶಮಾಂಶ ಸ್ಥಾನಕ್ಕೆ ಇಳಿಸಿದ್ದರೆ ಉಳಿಯುವುದು 0.1, 0, 0.1. ಆಗ ‘1.7ರಲ್ಲಿ ಎರಡು ಸಮ ಮೂಲಗಳಿವೆ’ ಎನ್ನುವ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ನಕ್ಷೆಯೂ ಇದಕ್ಕೆ ಸಾಕ್ಷಿ ಹೇಳಿದಂತೆ ತೋರುತ್ತದೆ. ಪರವಲಯದ ತಳ x-ಅಕ್ಷದಿಂದ ಕೆಳಗಿಳಿಯುವುದು ಸುಮಾರು 0.02 ಮಾತ್ರ, ಹಿಗ್ಗಿಸದೆ ನೋಡಿದರೆ ಅದು ಅಕ್ಷವನ್ನು ಮುಟ್ಟಿ ಹಿಂತಿರುಗಿದಂತೆಯೇ ಕಾಣುತ್ತದೆ.

ಇಲ್ಲಿ ದಾರಿ ತೋರಿಸುವುದು ಶೋಧಕ. b² − 4ac = 1681 − 1680 = 1. ಸೊನ್ನೆಗಿಂತ ಹೆಚ್ಚಾದ್ದರಿಂದ ಎರಡು ಭಿನ್ನ ಮೂಲಗಳಿವೆ, ಪೂರ್ಣ ವರ್ಗವಾದ್ದರಿಂದ ಅವು ಭಾಗಲಬ್ಧ ಸಂಖ್ಯೆಗಳು: 5/3 ಮತ್ತು 7/4. ಪರದೆಯ ಮೇಲೆ ಎಷ್ಟು ಹಿಗ್ಗಿಸಬೇಕು, ಕೋಷ್ಟಕದಲ್ಲಿ ಎಷ್ಟು ಚಿಕ್ಕ ಹೆಜ್ಜೆ ಬೇಕು ಎಂದು ತಿಳಿಯುವುದು ಈ ಲೆಕ್ಕ ಮಾಡಿದ ಮೇಲೆಯೇ.

ಎರಡು ದಶಮಾಂಶ ಸ್ಥಾನಗಳಿಗೆ ತೋರಿಸುವಾಗ ಜಿಯೋಜಿಬ್ರಾ ಈ ಮೂಲಗಳನ್ನು 1.67 ಮತ್ತು 1.75 ಎನ್ನುತ್ತದೆ. ನೋಡಲು ಎರಡೂ ಒಂದೇ ಜಾತಿಯವು. ಆದರೆ 1.75 ಹಾಕಿದರೆ 36.75 − 71.75 + 35 = 0, ಖಚಿತವಾಗಿ. 1.67 ಹಾಕಿದರೆ −0.0032. ಕೋಶದಲ್ಲಿ ಎರಡೇ ಸ್ಥಾನ ತೋರುವಂತೆ ಇಟ್ಟಿದ್ದರೆ ಇದೂ ಸೊನ್ನೆಯಾಗಿ ಕಾಣುತ್ತದೆ. ಅದರ ಮುಂದೆ ಮೈನಸ್ ಗುರುತು ಉಳಿದಿದ್ದರೆ ಅದೇ ಸುಳಿವು. ತೋರಿಕೆಯನ್ನಷ್ಟೇ ಮೊಟಕು ಮಾಡಿದ್ದರೆ ಸ್ಥಾನಗಳನ್ನು ಹೆಚ್ಚಿಸಿ ನಿಜ ಬೆಲೆ ನೋಡಬಹುದು. ROUND ಬಳಸಿದ್ದರೆ ಆ ಬೆಲೆ ಆ ಕೋಶದಲ್ಲಿ ಉಳಿದೇ ಇರುವುದಿಲ್ಲ.

ಹಾಗಾದರೆ 1.67 ತಪ್ಪೇ? ತಪ್ಪಲ್ಲ, ಅದು ಅಂದಾಜು. 1.665ರಲ್ಲಿ ಬೆಲೆ ಧನ, 1.67ರಲ್ಲಿ ಋಣ. ಆದ್ದರಿಂದ ಮೂಲ ಅವೆರಡರ ನಡುವೆ ಇದೆ, ಎರಡು ಸ್ಥಾನಗಳಿಗೆ 1.67 ಸರಿ. ಸೊನ್ನೆಗೆ ಹತ್ತಿರ ಬಂತು ಎಂಬುದಕ್ಕಿಂತ ಈ ಚಿಹ್ನೆ ಬದಲಾವಣೆಯೇ ಗಟ್ಟಿ ಆಧಾರ. ಆದರೆ ಈ ಅಂದಾಜನ್ನು ಅಪವರ್ತನಕ್ಕೆ ಮರಳಿ ಒಯ್ಯಬಾರದು. 12(x − 1.67)(x − 1.75) ಎಂದು ಬರೆದರೆ x = 0 ಆದಾಗ 35ರ ಬದಲು 35.07 ಬರುತ್ತದೆ. 12 ಬಿಟ್ಟರಂತೂ 2.9225.

ನಲವತ್ತು ನಿಮಿಷದ ತರಗತಿಯಲ್ಲಿ ಇಷ್ಟೆಲ್ಲ ಸಾಧ್ಯವೇ ಎಂದು ಸಹಪಾಠಿಗಳು ಕೇಳುತ್ತಾರೆ. ಕಂಪ್ಯೂಟರ್ ಇಲ್ಲದಿದ್ದರೂ ಮೂರು ಪೂರ್ಣಾಂಕಗಳ ಪರಿಶೀಲನೆ ಕಪ್ಪುಹಲಗೆಯ ಮೇಲೆ ಎರಡು ನಿಮಿಷದ ಕೆಲಸ. ಸಮಯ ಕಡಿಮೆ ಇದ್ದರೆ ನಕ್ಷೆಯನ್ನು ಬಿಡೋಣ, ಇದನ್ನು ಬಿಡುವುದು ಬೇಡ. ಪಾಠ ಯೋಜನೆಯಲ್ಲೂ ‘ಪರಿಶೀಲಿಸುವುದು’ ಎಂಬ ಒಂದೇ ಪದದ ಬದಲು ಎರಡು ಸಾಲು ಬರೆಯೋಣ: ಅಪವರ್ತನಕ್ಕೆ ಮೂರು ಪೂರ್ಣಾಂಕಗಳಲ್ಲಿ ವ್ಯತ್ಯಾಸ ಸೊನ್ನೆ, ಮೂಲಕ್ಕೆ ಚಿಹ್ನೆ ಬದಲಾಗುವ ಎರಡು ಬೆಲೆಗಳು ಮತ್ತು ಎಷ್ಟು ಸ್ಥಾನಗಳಿಗೆ ಸರಿ ಎಂಬ ಮಾತು.