ವಶೀಲಿಗೆ ಕೋಟು ಹಾಕಿದ್ರೆ ನೆಟ್‌ವರ್ಕಿಂಗ್. ಆದ್ರೂ ಅದು ನಮಗೂ ಬೇಕು



ಡಿಗ್ರಿ ಮುಗಿಸಿ ಬಂದ ನಮ್ಮ ಹುಡುಗರಿಗೆ ಎಲ್ಲಾ ಕಡೆಯಿಂದ ಒಂದೇ ಉಪದೇಶ: "ನೆಟ್‌ವರ್ಕಿಂಗ್ ಮಾಡ್ರಪ್ಪಾ." ಯಾರ ಜೊತೆ ಅಂತ ಮಾತ್ರ ಯಾರೂ ಹೇಳಲ್ಲ. ಅಪ್ಪ ಬ್ಯಾಂಕ್ ಮ್ಯಾನೇಜರ್, ಚಿಕ್ಕಪ್ಪ ಆಡಿಟರ್, ಅತ್ತೆ ಮಗ ಐಟಿ ಕಂಪನೀಲಿ ಇರೋ ಹುಡುಗನಿಗೆ ಅದು ತೊಟ್ಟಿಲಲ್ಲೇ ಆಗಿರುತ್ತೆ. ಮದುವೆ ಮನೆ ಊಟದ ಪಂಕ್ತೀಲೇ ಅವನ ಕೆಲಸದ ಮಾತು ಮುಗಿಯುತ್ತೆ. ನಮ್ಮ ಹುಡುಗನ ಅಪ್ಪ ಗಾರೆ ಕೆಲಸಕ್ಕೆ ಹೋಗೋನು. ಅವನಿಗೆ ಗೊತ್ತಿರೋದು ಮೇಸ್ತ್ರಿ, ಕಂಟ್ರಾಕ್ಟರು.

ಇದನ್ನ ನಮ್ಮ ಊರಲ್ಲಿ ವಶೀಲಿ ಅಂತಿದ್ರು. ಈಗ ಕೋಟು ಹಾಕ್ಕೊಂಡು ಬಂದಿದೆ, ಮರ್ಯಾದೆ ಸಿಕ್ಕಿದೆ. ಮೀಸಲಾತಿ ಅಂದ್ರೆ ಮೆರಿಟ್ ಸತ್ತೋಯ್ತು ಅಂತ ಬಾಯಿ ಬಡ್ಕೊಳ್ಳೋರೇ, ಸೋದರಳಿಯನ ರೆಸ್ಯೂಮೆ ಹೆಚ್‌ಆರ್ ಟೇಬಲ್ ಮೇಲೆ ಇಟ್ಟು ಬರ್ತಾರೆ. ಅದಕ್ಕೆ ಹೆಸರು ರೆಫರಲ್!

ಬರೀ ಅರ್ಜಿ ಹಾಕಿದ್ರೆ ಏನಾಗುತ್ತೆ ಅಂತ ಸುಖದೇವ್ ಥೋರಾಟ್ ಮತ್ತು ಪಾಲ್ ಅಟೆವೆಲ್ ತೋರಿಸಿಕೊಟ್ಟಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ಪತ್ರಿಕೆಯಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು ಇರೋ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರು. ಮೇಲ್ಜಾತಿ ಹೆಸರಿಗೆ ಹೋಲಿಸಿದ್ರೆ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಇತ್ತು. ಮುಖ ನೋಡೋ ಮೊದಲೇ, ಬರೀ ಹೆಸರು ನೋಡಿ! ಹಾಗಾಗಿ ಒಳಗಿರೋ ಒಬ್ಬರು "ಈ ಹುಡುಗಿ ನನಗೆ ಗೊತ್ತು, ಅರ್ಜಿ ನೋಡಿ" ಅನ್ನೋದು ಬೇರೆಯವರಿಗಿಂತ ನಮಗೇ ಹೆಚ್ಚು ಬೇಕು.

"ಇನ್ನೊಬ್ಬರ ಹತ್ರ ಕೇಳೋದು ಸ್ವಾಭಿಮಾನಕ್ಕೆ ಕುಂದು" ಅನ್ನೋ ತಮ್ಮಂದಿರಿಗೆ ಒಂದು ಮಾತು. ಇಂಟರ್‌ಮೀಡಿಯೆಟ್ ಮುಗಿಸಿದ ಭೀಮರಾಯರಿಗೆ ಮುಂದೆ ಓದೋಕೆ ದುಡ್ಡಿರಲಿಲ್ಲ. ಅವರನ್ನ ಬಲ್ಲ ಶಿಕ್ಷಕ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಬರೋಡಾದ ಸಯಾಜಿರಾವ್ ಗಾಯಕವಾಡರಿಗೆ ಪರಿಚಯ ಮಾಡಿಕೊಟ್ರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ತು. ಬಾಗಿಲು ತೆರೆಸಿದ್ದು ಮೇಷ್ಟ್ರ ಮಾತು. ಒಳಗೆ ಹೋಗಿ ಮಹಾರಾಜರ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಬಾಬಾಸಾಹೇಬರೇ. ರೆಫರಲ್ಲಿನ ಕೆಲಸ ಅಷ್ಟೇ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಾಗಾದ್ರೆ ನಮ್ಮೋರು ಎಲ್ಲಿದ್ದಾರೆ? ಹಾಸ್ಟೆಲಲ್ಲಿ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಲ್ಲಿ ಒಂದೇ ಸಾರು ಉಂಡು ಹೋದ ಸೀನಿಯರ್‌ಗಳೇ ನಮ್ಮ ಅತ್ತೆ ಮಗ, ಚಿಕ್ಕಪ್ಪ.

ನಮ್ಮ ಸಂಘಕ್ಕೆ ಬರೋ ಒಬ್ಬ ಹುಡುಗಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಕಾಂ ಮುಗಿಸಿದವಳು, ಏನು ಮಾಡಿದ್ಲು ಕೇಳಿ. ಒಂದು ನೋಟ್‌ಬುಕ್ ತಗೊಂಡು, ಹಾಸ್ಟೆಲ್ ಗ್ರೂಪ್, ಎನ್‌ಎಸ್‌ಎಸ್ ಕ್ಯಾಂಪಿನ ಫೋಟೋ, ಕಾಲೇಜಿನ ಹಳೇ ಮ್ಯಾಗಜೀನ್ ನೋಡಿ ತನಗಿಂತ ಎರಡರಿಂದ ಆರು ವರ್ಷ ಹಿರಿಯರ ಹೆಸರು ಬರೆದ್ಲು. ಈಚೆಗೆ ಕೆಲಸ ಸೇರಿದವರಿಗೆ ಹೊಸಬರನ್ನ ಹೇಗೆ ತಗೊಳ್ತಾರೆ ಅನ್ನೋದು ನೆನಪಿರುತ್ತೆ, ದೊಡ್ಡ ಹುದ್ದೇಲಿ ಇರೋರಿಗೆ ಅದು ಮರೆತಿರುತ್ತೆ. ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆ ಮೆಸೇಜ್ ಕಳಿಸಿದ್ಲು. ಒಂದು ಹೀಗಿತ್ತು:

"ಅಕ್ಕ, ನಮಸ್ತೆ. ನಾನೂ ನಿಮ್ಮ ಹಾಸ್ಟೆಲಿನವಳೇ, ನಿಮಗಿಂತ ನಾಲ್ಕು ವರ್ಷ ಜೂನಿಯರ್. ಬಿಕಾಂ ಆಗಿದೆ, ಟ್ಯಾಲಿ ಬರುತ್ತೆ. ನೀವು ಮಾಡೋ ಅಕೌಂಟ್ಸ್ ಕೆಲಸಕ್ಕೆ ಹೊಸಬರನ್ನ ಹೇಗೆ ತಗೊಳ್ತಾರೆ, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ತಿಳ್ಕೋಬೇಕಿತ್ತು. ಭಾನುವಾರ ಹತ್ತು ನಿಮಿಷ ಫೋನ್ ಮಾಡ್ಲಾ?"

ನೋಡಿ, ಇದ್ರಲ್ಲಿ "ಕೆಲಸ ಕೊಡಿಸಿ" ಅನ್ನೋ ಮಾತೇ ಇಲ್ಲ. ಕೆಲಸ ಕೊಡಿಸೋದು ಆ ಅಕ್ಕನ ಕೈಲಿಲ್ಲ, ಹಾಗೆ ಕೇಳಿದ್ರೆ ಅವರು ಮುಜುಗರಕ್ಕೆ ಸುಮ್ಮನಾಗ್ತಾರೆ. ಗೊತ್ತಿರೋ ವಿಷಯ ಹೇಳೋದು ಯಾರಿಗೂ ಕಷ್ಟ ಅಲ್ಲ. "ಸರ್ ಎನಿ ಜಾಬ್" ಅಂತ ನಲವತ್ತು ಜನಕ್ಕೆ ಫಾರ್ವರ್ಡ್ ಮಾಡೋರಿಗೆ ಉತ್ತರ ಬರದೇ ಇರೋದು ಇದಕ್ಕೇ.

ಹದಿನಾಲ್ಕರಲ್ಲಿ ಐದು ಜನ ಉತ್ತರಿಸಿದ್ರು, ಇಬ್ಬರು ಫೋನಲ್ಲಿ ಮಾತಾಡಿದ್ರು. ಒಬ್ಬ ಅಕ್ಕ, ಬಿಲ್ಲು ಮತ್ತು ಪರ್ಚೇಸ್ ಆರ್ಡರ್ ತಾಳೆ ನೋಡೋದೇ ದಿನದ ಕೆಲಸ, ಟ್ಯಾಲಿ ಸಾಲದು, ಎಕ್ಸೆಲಲ್ಲಿ VLOOKUP ಕಲಿ ಅಂದ್ರು. ಮೂರು ವಾರ ಕಲಿತು ಇವಳು ಮತ್ತೆ ಫೋನ್ ಮಾಡಿದ್ಲು. ಹೇಳಿದ್ದನ್ನ ಮಾಡಿ ತೋರಿಸಿದ್ಲು ಅನ್ನೋ ಕಾರಣಕ್ಕೇ ಆ ಅಕ್ಕ ಅವತ್ತು ತಾವಾಗೇ "ರೆಸ್ಯೂಮೆ ಕಳಿಸು" ಅಂದಿದ್ದು.

ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡ ಕಂಪನಿಗಳಲ್ಲಿ ನೌಕರರು ಒಳಗಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಹಾಕ್ತಾರೆ. ಅದಕ್ಕೆ ಆ ಹುದ್ದೆಯ ಜಾಬ್ ಐಡಿ ನಂಬರ್, ಪಿಡಿಎಫ್ ರೆಸ್ಯೂಮೆ, ನಿಮ್ಮ ಬಗ್ಗೆ ಮೂರು ಸಾಲು ಬೇಕು. ಇಷ್ಟನ್ನ ನೀವೇ ಸಿದ್ಧ ಮಾಡಿ ಕೊಡಿ. ನೀವು ಮೊದಲೇ ವೆಬ್‌ಸೈಟಲ್ಲಿ ಅರ್ಜಿ ಹಾಕಿಬಿಟ್ಟಿದ್ರೆ, ಎಷ್ಟೋ ಕಡೆ ಕೆಲವು ತಿಂಗಳು ರೆಫರಲ್ ಲೆಕ್ಕಕ್ಕೇ ಬರಲ್ಲ. ಅದಕ್ಕೆ ಮೊದಲು ಕೇಳಿ, ಆಮೇಲೆ ಅರ್ಜಿ ಹಾಕಿ. ಇನ್ನೊಂದು, ಸೇರಿದವರು ಕೆಲವು ತಿಂಗಳು ಉಳಿದ್ರೆ ರೆಫರ್ ಮಾಡಿದವರಿಗೆ ಬೋನಸ್ ಕೊಡೋ ಕಂಪನಿಗಳೂ ಬೇಕಾದಷ್ಟಿವೆ. ಹಾಗಾಗಿ ಇದು ಭಿಕ್ಷೆ ಅಲ್ಲ. ಆದ್ರೆ ರೆಫರ್ ಮಾಡೋಕೆ ನಿಮ್ಮ ಹತ್ರ ದುಡ್ಡು ಕೇಳಿದ್ರೆ ಅದು ಮೋಸ, ಅಲ್ಲಿಗೇ ಫೋನ್ ಇಡಿ.

ಆ ಹುಡುಗಿಗೆ ಮೊದಲ ಕಂಪನೀಲಿ ಆಗ್ಲಿಲ್ಲ, ಇಂಗ್ಲಿಷ್ ಮಾತಿನ ಸುತ್ತಲ್ಲಿ ಬಿದ್ಲು. ರೆಫರಲ್ ಅಲ್ಲಿವರೆಗೆ ಮಾತ್ರ ತಲುಪಿಸುತ್ತೆ. ಸೋತಿದ್ದನ್ನೂ ಆ ಅಕ್ಕನಿಗೆ ತಿಳಿಸಿ ಥ್ಯಾಂಕ್ಸ್ ಹೇಳಿದ್ಲು. ಎರಡು ತಿಂಗಳ ಮೇಲೆ ಇನ್ನೊಬ್ಬ ಅಣ್ಣನ ಕಡೆಯಿಂದ ಬೇರೆ ಕಂಪನೀಲಿ ಕೆಲಸ ಸಿಕ್ತು.

ಮೇಷ್ಟ್ರುಗಳ ವಿಷಯ. ಪ್ರಿನ್ಸಿಪಾಲರ ಸಹಿಗಿಂತ, ನಿಮ್ಮ ಪ್ರಾಜೆಕ್ಟ್ ತಿದ್ದಿದ ಅತಿಥಿ ಉಪನ್ಯಾಸಕರ ಮಾತಿಗೆ ತೂಕ ಜಾಸ್ತಿ. ನೀವು ಏನು ಮಾಡಿದ್ರಿ ಅಂತ ಅವರಿಗೆ ಗೊತ್ತು. ಪತ್ರ ಬೇಕಿದ್ರೆ ಎರಡು ವಾರ ಮೊದಲೇ ಕೇಳಿ, ಜೊತೆಗೆ ಮಾರ್ಕ್ಸ್ ಕಾರ್ಡು, ಪ್ರಾಜೆಕ್ಟ್ ವಿವರ, ಹುದ್ದೆ ಯಾವುದು ಅಂತ ಒಂದು ಪುಟ ಬರೆದು ಕೊಡಿ. ಕೇಳದೇ ರೆಸ್ಯೂಮೆಯಲ್ಲಿ ಅವರ ನಂಬರ್ ಹಾಕಬೇಡಿ. ಹೆಚ್‌ಆರ್ ಫೋನ್ ಮಾಡಿದಾಗ ಅವರು "ಯಾರಪ್ಪ ಅದು?" ಅಂದ್ರೆ ಅಲ್ಲಿಗೆ ಕಥೆ ಮುಗೀತು.

ಈಗ ಕೆಲಸದಲ್ಲಿರೋ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ. ಆ ಹುಡುಗಿಗೆ ಉತ್ತರ ಕೊಡದ ಒಂಬತ್ತು ಜನರಲ್ಲಿ ನೀವೂ ಇರಬಹುದು. ಪ್ರೊಫೈಲಲ್ಲಿ ಊರಿಲ್ಲ, ಕಾಲೇಜಿಲ್ಲ, ಹಾಸ್ಟೆಲ್ ಹೆಸರಂತೂ ಇಲ್ಲವೇ ಇಲ್ಲ. ಆಫೀಸಲ್ಲಿ ಜಾತಿ ಗೊತ್ತಾದ್ರೆ ಏನಾಗುತ್ತೆ ಅನ್ನೋ ಭಯ ನನಗೂ ಗೊತ್ತು, ನಾನೂ ಗುಮಾಸ್ತನೇ. ಆದ್ರೆ ಜೂನಿಯರ್ ಹುಡುಗಿಗೆ ಹತ್ತು ನಿಮಿಷ ಕೊಟ್ರೆ ನಿಮ್ಮ ಜಾತಿ ಯಾರಿಗೂ ಗೊತ್ತಾಗಲ್ಲ ಸ್ವಾಮಿ. "ಅವಳು ನಮ್ಮ ಕಾಲೇಜು" ಅಂದ್ರೆ ಸಾಕು, ಅವರು ತಮ್ಮೋರಿಗೆ ಹೇಳೋದೂ ಹಾಗೇ. ಏಪ್ರಿಲ್ 14ಕ್ಕೆ ನೀಲಿ ಸ್ಟೇಟಸ್ ಹಾಕೋ ಕೈ ಉಳಿದ ದಿನ ಜೂನಿಯರ್ ಮೆಸೇಜಿಗೆ ಯಾಕೆ ನಡುಗಬೇಕು?

ಖಾಸಗಿ ವಲಯದಲ್ಲಿ ಮೀಸಲಾತಿ ಬೇಕು, ಆ ಹೋರಾಟ ನಿಲ್ಲಲ್ಲ. ಅದು ಬರೋತನಕ ಈ ವರ್ಷ ಪಾಸಾದೋರು ಕಾಯ್ತಾ ಕೂರೋಕಾಗಲ್ಲ. ಪ್ರತಿ ಹಾಸ್ಟೆಲಿಗೂ ಒಂದು ಪಟ್ಟಿ ಆಗ್ಲಿ: ಹೆಸರು, ಪಾಸಾದ ವರ್ಷ, ಮಾಡ್ತಿರೋ ಕೆಲಸ. ಸೀನಿಯರ್‌ಗಳೇ, ನಿಮ್ಮ ಹಾಸ್ಟೆಲ್ ಯಾವುದು, ಈಗ ಏನು ಕೆಲಸ ಅಂತ ನನಗೆ ಇನ್‌ಬಾಕ್ಸ್ ಮಾಡಿ. ನಿಮ್ಮನ್ನ ಕೇಳದೇ ಯಾರಿಗೂ ನಂಬರ್ ಕೊಡಲ್ಲ. ಹುಡುಗರನ್ನ ತಯಾರು ಮಾಡಿ ಕಳಿಸೋ ಜವಾಬ್ದಾರಿ ನಮ್ಮ ಸಂಘದ್ದು, ಫೋನ್ ಎತ್ತೋದು ನಿಮ್ಮದು.

ಜೈ ಭೀಮ್.