ಸಿಎ ಸಹಿ ಇದ್ದದ್ದೆಲ್ಲ ಆಡಿಟ್ ಅಲ್ಲ

ನಮ್ಮ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದ ಮಹಾಸಭೆಗೆ ವರದಿ ಮಾಡಲು ಹೋಗಿದ್ದೆವು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಸಿಎ ಅವರಿಂದ ಆಡಿಟ್ ಆಗಿದೆ, ನಿಮ್ಮ ಠೇವಣಿ ಭದ್ರ." ಅಧ್ಯಕ್ಷರು ಮೂರು ಹಾಳೆಯ ವರದಿಯನ್ನು ಎತ್ತಿ ತೋರಿಸಿದರು. ಸದಸ್ಯರು ಚಪ್ಪಾಳೆ ತಟ್ಟಿದರು. ನಾವೂ "ಆಡಿಟ್‌ನಲ್ಲಿ ಸಂಘ ಪಾಸ್" ಎಂದು ಸುದ್ದಿ ಕಳಿಸಿ, ಊಟ ಮುಗಿಸಿ ಬಸ್ ಹತ್ತಿದೆವು.

ಆ ಮೂರು ಹಾಳೆಯನ್ನು ನಾವು ಕೂತು ಓದಿದ್ದು ಎರಡು ತಿಂಗಳ ಮೇಲೆ. ನಮ್ಮ ಸುದ್ದಿ ನೋಡಿ ಅಡಿಕೆ ಮಾರಿದ ದುಡ್ಡು ಇಟ್ಟಿದ್ದ ಅಜ್ಜಿಯೊಬ್ಬರು, "ದುಡ್ಡು ಕೇಳಿದರೆ ಮುಂದಿನ ವಾರ ಅಂತಾರಲ್ಲಪ್ಪಾ, ನೀವೇ ತಾನೆ ಬರೆದಿದ್ದು?" ಎಂದು ಕೇಳಿದ ಮೇಲೆ. ಓದಿದಾಗ ನಾಚಿಕೆಯಾಯಿತು. ಅದು ಆಡಿಟ್ ವರದಿಯೇ ಆಗಿರಲಿಲ್ಲ. ಆ ವರ್ಷದ ಆಡಿಟ್ ಇನ್ನೂ ಮುಗಿದಿರಲಿಲ್ಲ.

ಹಾಗಾದರೆ ಅದೇನು? ಲೆಕ್ಕಪರಿಶೋಧಕರು ಇದನ್ನು 'ಅಗ್ರೀಡ್ ಅಪಾನ್ ಪ್ರೊಸೀಜರ್ಸ್' ಎನ್ನುತ್ತಾರೆ. ಅಂದರೆ ಮೊದಲೇ ಮಾತಾಡಿಕೊಂಡ ಕೆಲಸಗಳ ಪಟ್ಟಿ. ಆಡಳಿತ ಮಂಡಳಿ ಸಿಎಗೆ ಮೂರು ಕೆಲಸ ಹೇಳಿತ್ತು. ಮಾರ್ಚ್ ತಿಂಗಳ ನಗದು ಪುಸ್ತಕದ ಮೊತ್ತ ಖಾತೆ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ನೋಡಿ. ಬ್ಯಾಂಕ್ ಪಾಸ್‌ಬುಕ್ಕಿನ ಬಾಕಿ ಸರಿಯಿದೆಯೇ ನೋಡಿ. ಸಂಘ ಕೊಡುವ 25 ಸಾಲದ ಫೈಲುಗಳಲ್ಲಿ ಜಾಮೀನುದಾರರ ಸಹಿ ಇದೆಯೇ ನೋಡಿ. ಸಿಎ ನೋಡಿದರು, ಕಂಡದ್ದನ್ನು ಬರೆದರು: ಮೊತ್ತ ತಾಳೆಯಾಗಿದೆ, ಬಾಕಿ ಸರಿಯಿದೆ, 22 ಫೈಲಿನಲ್ಲಿ ಸಹಿ ಇದೆ, 3ರಲ್ಲಿ ಇಲ್ಲ.

ಕೊನೆಯ ಪ್ಯಾರಾದಲ್ಲಿ ಅವರು ಇನ್ನೂ ಸ್ಪಷ್ಟವಾಗಿ ಹೇಳಿದ್ದರು. ಇದು ಆಡಿಟ್ ಅಲ್ಲ, ರಿವ್ಯೂ ಕೂಡ ಅಲ್ಲ, ಆದ್ದರಿಂದ ನಾವು ಯಾವ ಭರವಸೆಯನ್ನೂ ಕೊಡುತ್ತಿಲ್ಲ, ಇದು ಆಡಳಿತ ಮಂಡಳಿಯ ಬಳಕೆಗೆ ಮಾತ್ರ. ಇಂಗ್ಲಿಷಿನಲ್ಲಿ ಬರೆದ ಈ ಪ್ಯಾರಾವನ್ನು ಮಹಾಸಭೆಯಲ್ಲಿ ಯಾರೂ ಓದಲಿಲ್ಲ. ತಪ್ಪು ಸಿಎ ಅವರದ್ದಲ್ಲ. ಮಂಡಳಿಗೆಂದು ಬರೆದ ಕಾಗದವನ್ನು ಫ್ಲೆಕ್ಸಿಗೆ ಏರಿಸಿದವರದ್ದು, ಓದದೆ ಸುದ್ದಿ ಮಾಡಿದ ನಮ್ಮದು.

ಈಗ ವ್ಯತ್ಯಾಸ ಎಲ್ಲಿದೆ ನೋಡಿ. ಲೆಕ್ಕ ತಿಳಿಯಲೆಂದು ಒಂದು ಸಂಘ 4 ಕೋಟಿ ಸಾಲ ಕೊಟ್ಟಿದೆ, ಬಡ್ಡಿ ಶೇ. 14 ಎಂದುಕೊಳ್ಳೋಣ. ವರ್ಷಕ್ಕೆ ಸುಮಾರು 56 ಲಕ್ಷ ಬಡ್ಡಿ ಬರಬೇಕು. ನಗದಾಗಿ ಬಂದದ್ದು 31 ಲಕ್ಷ. ಉಳಿದ 25 ಲಕ್ಷವನ್ನು "ಬರಬೇಕಾದ ಬಡ್ಡಿ" ಎಂದು ಪುಸ್ತಕದಲ್ಲಿ ಸೇರಿಸಿ ಲಾಭ ತೋರಿಸಿದ್ದಾರೆ. ಜೊತೆಗೆ ಮಾರ್ಚ್ 30ರಂದು ಹಳೇ ಬಾಕಿದಾರರ ಹೆಸರಿಗೇ ಹೊಸ ಸಾಲ ಬರೆದು, ಅದರಿಂದ ಹಳೇ ಸಾಲ ತೀರಿಸಿದ್ದಾರೆ. ಒಂದು ರೂಪಾಯಿಯೂ ಕೈ ಬದಲಾಗಿಲ್ಲ, ಸುಸ್ತಿ ಸಾಲ ಮಾತ್ರ ಪುಸ್ತಕದಿಂದ ಮಾಯ.

ಮೇಲಿನ ಮೂರು ಕೆಲಸದ ಪಟ್ಟಿ ಹಿಡಿದವರಿಗೆ ಇದು ಕಾಣುವುದಿಲ್ಲ. ನಗದು ಪುಸ್ತಕ ತಾಳೆಯಾಗುತ್ತದೆ, ಹೊಸ ಸಾಲದ ಫೈಲಿನಲ್ಲಿ ಸಹಿಯೂ ಇರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಸರಿ. ಕೇಳಬೇಕಾದ ಪ್ರಶ್ನೆ ಪಟ್ಟಿಯಲ್ಲೇ ಇಲ್ಲ, ಮತ್ತು ಪಟ್ಟಿ ಮಾಡಿದವರು ಮಂಡಳಿಯವರೇ.

ರಿವ್ಯೂ ಮಾಡುವವರಾದರೆ ಇಡೀ ಲೆಕ್ಕಪತ್ರದ ಮೇಲೆ ಕಣ್ಣಾಡಿಸುತ್ತಾರೆ. ಅವರ ಮುಖ್ಯ ಆಯುಧ ಎರಡು: ವಿಚಾರಿಸುವುದು, ಅಂಕಿಗಳನ್ನು ಹೋಲಿಸುವುದು. 56 ಬರಬೇಕಾದಲ್ಲಿ 31 ಬಂದದ್ದು ಅವರಿಗೆ ಎದ್ದು ಕಾಣಬೇಕು, ಮ್ಯಾನೇಜರನ್ನು ಕೇಳಬೇಕು. "ಮಳೆ ಕೈಕೊಟ್ಟಿತು ಸಾರ್" ಎಂಬ ಉತ್ತರ ಬಂದು, ಅದು ನಂಬುವಂತಿದ್ದರೆ ಮುಂದಕ್ಕೆ ಹೋಗಬಹುದು. ಅನುಮಾನ ಬಲವಾದರೆ ಇನ್ನಷ್ಟು ಕೆದಕಲೇಬೇಕು. ಆದರೆ ಸಾಮಾನ್ಯವಾಗಿ ಅವರು ಸಾಲಗಾರರಿಗೆ ಪತ್ರ ಬರೆಯುವುದಿಲ್ಲ, ತಿಜೋರಿ ತೆಗೆಸಿ ಎಣಿಸುವುದಿಲ್ಲ. ಅದಕ್ಕೇ ಅವರ ಮಾತೂ ಅರ್ಧ ದನಿಯದ್ದು: ಲೆಕ್ಕ ತಪ್ಪಿದೆ ಎನ್ನಿಸುವಂಥದ್ದು ನಮ್ಮ ಗಮನಕ್ಕೆ ಬಂದಿಲ್ಲ. ಷೇರುಪೇಟೆಯ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಕೊಡುವಾಗ ಇಷ್ಟು ಸಾಕು ಎಂದು ಸೆಬಿ ಒಪ್ಪುತ್ತದೆ. ವರ್ಷದ ಕೊನೆಗೆ ಮಾತ್ರ ಪೂರ್ತಿ ಆಡಿಟ್ ಬೇಕೇ ಬೇಕು.

ಆಡಿಟರ್ ಯಾವ ಫೈಲು ನೋಡಬೇಕೆಂದು ತಾನೇ ಆರಿಸುತ್ತಾನೆ. ಸಾಲಗಾರರಿಗೆ "ನಿಮ್ಮ ಬಾಕಿ ಇಷ್ಟೇ ತಾನೆ?" ಎಂದು ನೇರ ಪತ್ರ ಬರೆಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಆ ಬಡ್ಡಿ ನಿಜಕ್ಕೂ ಬಂತೇ ಎಂದು ನೋಡುತ್ತಾನೆ. ಮಾರ್ಚ್ ಕೊನೆಯ ವಾರದ ಸಾಲಗಳನ್ನು ಬಿಡಿಸಿ ನೋಡುತ್ತಾನೆ. ಆಮೇಲೆ ಲೆಕ್ಕ ನಿಜಸ್ಥಿತಿ ತೋರಿಸುತ್ತದೆ ಅಥವಾ ಇಲ್ಲ ಎಂದು ತನ್ನ ಅಭಿಪ್ರಾಯ ಬರೆಯುತ್ತಾನೆ. ನಮ್ಮ ಆ ಸಂಘದ ಆಡಿಟ್ ಕೊನೆಗೆ ಬಂದಾಗ ಮಾರ್ಚ್ ಕೊನೆಯ ಈ ಆಟ ಅದರಲ್ಲಿ ಬಯಲಾಗಿತ್ತು.

ಆಡಿಟ್ ಅಂದರೆ ದೇವರ ಪ್ರಮಾಣ ಎಂದು ನಾವು ಹೇಳುತ್ತಿಲ್ಲ. ಹೈದರಾಬಾದಿನ ಸತ್ಯಂ ಕಂಪನಿಗೆ ವರ್ಷವರ್ಷವೂ ಆಡಿಟ್ ಆಗುತ್ತಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಬ್ಯಾಂಕಿನ ದೃಢೀಕರಣ ಪತ್ರಗಳನ್ನು ಆಡಿಟರುಗಳು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳದೆ ಕಂಪನಿಯ ಕೈಗೆ ಬಿಟ್ಟಿದ್ದರು. ಪೂರ್ತಿ ಆಡಿಟ್ಟೇ ಹೀಗೆ ಎಡವಬಹುದಾದರೆ, ಭರವಸೆಯನ್ನೇ ಕೊಡದ ಕಾಗದ ತೋರಿಸಿ "ಭದ್ರ" ಎನ್ನುವುದಕ್ಕೆ ಏನು ಹೇಳೋಣ?

ಸಂಘದವರ ವಾದ ನಮಗೆ ಗೊತ್ತು: "ಪೂರ್ತಿ ಆಡಿಟ್‌ಗೆ ಖರ್ಚು, ಸಮಯ ಎರಡೂ ಜಾಸ್ತಿ." ಖರ್ಚು ಉಳಿಸುವ ಆಯ್ಕೆ ನಿಮಗಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 63ನೇ ಕಲಮು ಆಡಿಟ್ ಕಡ್ಡಾಯ ಮಾಡಿದೆ. ಪಟ್ಟಿ ಕೊಟ್ಟು ಮಾಡಿಸುವ ಕೆಲಸಕ್ಕೂ ಬೆಲೆಯಿದೆ. ಗೋದಾಮಿನ ಗೊಬ್ಬರದ ಚೀಲ ಎಣಿಸಬೇಕೇ, ಮಾಡಿಸಿ. ಆದರೆ ಅದನ್ನು ಆಡಿಟ್ ಎಂದು ಕರೆಯಬೇಡಿ. ಬ್ಯಾಂಕಿನಲ್ಲಾದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಅದೂ ಇಲ್ಲ. ಅಜ್ಜಿಗೆ ಇದ್ದ ಆಧಾರ ಆ ಒಂದು ಪದ ಮಾತ್ರ.

ಮುಂದಿನ ಮಹಾಸಭೆಯಲ್ಲಿ ವರದಿಯನ್ನು ಕೈಗೆ ಕೇಳಿ ಪಡೆಯಿರಿ. ತಲೆಬರಹದಲ್ಲಿ 'ಆಡಿಟರ್ಸ್ ರಿಪೋರ್ಟ್' ಎಂದಿದೆಯೇ, ಒಳಗೆ 'ಒಪಿನಿಯನ್' ಎಂಬ ಭಾಗ ಇದೆಯೇ ನೋಡಿ. 'ಎಕ್ಸೆಪ್ಟ್ ಫಾರ್' ಎಂದಿದ್ದರೆ ಅದರ ಮುಂದೆ ಬರೆದದ್ದನ್ನು ಓದಿಸಿ, ತಕರಾರು ಅಲ್ಲೇ ಇರುತ್ತದೆ. 'ಕನ್‌ಕ್ಲೂಷನ್' ಎಂದಿದ್ದರೆ ಅದು ರಿವ್ಯೂ. 'ಫೈಂಡಿಂಗ್ಸ್' ಎಂದಷ್ಟೇ ಇದ್ದು 'ನೋ ಅಶೂರೆನ್ಸ್' ಎಂದಿದ್ದರೆ ಅದು ಪಟ್ಟಿಯ ಕೆಲಸ. ಸಹಿಯ ಹತ್ತಿರದ 18 ಅಂಕಿ-ಅಕ್ಷರದ ಯುಡಿಐಎನ್ ಅನ್ನು udin.icai.org ನಲ್ಲಿ ಹಾಕಿದರೆ ಸಹಿ ಅಸಲಿಯೇ ಎಂದು ತಿಳಿಯುತ್ತದೆ. ಸಹಿ ಅಸಲಿ ಎಂದ ಮಾತ್ರಕ್ಕೆ ಕಾಗದ ಆಡಿಟ್ ಆಗುವುದಿಲ್ಲ.

ನಮ್ಮ ಮಟ್ಟಿಗೆ, ವರದಿಯ ಕೊನೆಯ ಪ್ಯಾರಾ ಓದದೆ "ಆಡಿಟ್" ಎಂಬ ಪದವನ್ನು ಇನ್ನು ಸುದ್ದಿಯಲ್ಲಿ ಬರೆಯುವುದಿಲ್ಲ. ಆ ಅಜ್ಜಿಗೆ ದುಡ್ಡು ಕಂತಿನಲ್ಲಿ ಬರುತ್ತಿದೆ. ಅರ್ಧ ಇನ್ನೂ ಬಾಕಿ.